ಬಿಲ್ಲಿನಲ್ಲಿ 25, ಬಾಟಲಿಯಲ್ಲಿ 125

"ಮಿಸ್ಟೇಕ್ ಆಯ್ತು, ಸರಿ ಮಾಡಿದ್ವಿ, ಮುಗೀತಲ್ಲ ಮೇಡಂ. ಅದನ್ನ ಬರೆದು ಬೇರೆ ಇಡ್ಬೇಕಾ?"

ನಾನು ಕೆಲಸ ಮಾಡುವ ಮೆಡಿಕಲ್ ಶಾಪಿನ ಯಜಮಾನರು ನನ್ನನ್ನು ಕೇಳಿದ ಪ್ರಶ್ನೆ ಇದು. ಕೌಂಟರಿನಲ್ಲಿ ನಿಂತುಕೊಂಡು ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಎರಡು ವಾಕ್ಯಕ್ಕೊಮ್ಮೆ ಯಾರೋ ಬಂದು ಡೋಲೋ ಕೇಳುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಜಮಾನರು ಕೆಟ್ಟವರಲ್ಲ. ಅವರ ಪ್ರಶ್ನೆಯನ್ನು ಈ ಊರಿನ ಬಹುಪಾಲು ಮೆಡಿಕಲ್ ಶಾಪ್‌ನವರು ಕೇಳುತ್ತಾರೆ, ಕೇಳದೇ ಇರುವವರು ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು ಸುಮ್ಮನಾಗಿರುತ್ತಾರೆ. ಆ ಪ್ರಶ್ನೆಯೇ ತಪ್ಪು ಅನ್ನುವುದು ನನ್ನ ವಾದ.

ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ಒಂದು ಬುಧವಾರ ಮಧ್ಯಾಹ್ನ ಒಬ್ಬರು ಥೈರಾಕ್ಸಿನ್ 125 ಕೇಳಿಕೊಂಡು ಬಂದರು. ಥೈರಾಯ್ಡ್ ಮಾತ್ರೆ. ನಿಮ್ಮಲ್ಲಿ ಕೆಲವರ ಮನೆಯ ಫ್ರಿಜ್ ಪಕ್ಕದಲ್ಲಿ ಇದರ ಬಾಟಲಿ ಇರುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಖಾಲಿ ಹೊಟ್ಟೆಗೆ ನುಂಗಿ ಕಾಫಿಗಾಗಿ ಅರ್ಧ ಗಂಟೆ ಕಾಯುತ್ತಾ ಕೂರುತ್ತಾರಲ್ಲ, ಅದೇ. 125 ಅನ್ನುವುದು ಪವರ್, ಅಂದರೆ ಒಂದು ಮಾತ್ರೆಯಲ್ಲಿ 125 ಮೈಕ್ರೋಗ್ರಾಂ. ಕಂಪ್ಯೂಟರಿನಲ್ಲಿ ನೋಡಿದೆ, ನಾಲ್ಕು ಬಾಟಲಿ ಸ್ಟಾಕ್ ಇದೆ ಅಂತ ತೋರಿಸಿತು. ರ‍್ಯಾಕ್‌ನಲ್ಲಿ ಕೈ ಹಾಕಿದರೆ ಎರಡೇ ಇದ್ದವು.

ಇಂಥದ್ದು ದಿನಾ ಆಗುತ್ತದೆ. ಸ್ಕ್ರೀನಿಗೂ ರ‍್ಯಾಕಿಗೂ ತಾಳೆಯಾಗದೇ ಹೋದಾಗ ನಾವು ಮಾಡುವ ಕೆಲಸ ಒಂದೇ. ಸಾಫ್ಟ್‌ವೇರ್‌ನಲ್ಲಿ ಸ್ಟಾಕ್ ಅಡ್ಜಸ್ಟ್‌ಮೆಂಟ್ ಅಂತ ಒಂದು ಬಟನ್ ಇದೆ, ಅದನ್ನು ಒತ್ತಿ ನಾಲ್ಕನ್ನು ಎರಡು ಮಾಡುವುದು. ಕಾರಣದ ಜಾಗದಲ್ಲಿ ಒಂದು ಚುಕ್ಕಿ ಹಾಕಿದರೂ ಅದು ಒಪ್ಪಿಕೊಳ್ಳುತ್ತದೆ. ನಾನೂ ಎಷ್ಟೋ ಸಲ ಚುಕ್ಕಿ ಹಾಕಿದ್ದೇನೆ. ಅವತ್ತು ಗಿರಾಕಿ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದರಿಂದ ನನಗೆ ಎರಡು ನಿಮಿಷ ಪುರುಸೊತ್ತು ಸಿಕ್ಕಿತು, ಅಷ್ಟೇ. ಪಕ್ಕದ ಸಾಲು ನೋಡಿದೆ. ಅದು 25ರ ಸಾಲು. ಅಲ್ಲಿ 25ರ ಬಾಟಲಿಗಳ ಮಧ್ಯೆ ಒಂದು 125 ನಿಂತಿತ್ತು.

ಹಾಗಾದರೆ 125 ಒಟ್ಟು ಮೂರು ಸಿಕ್ಕಿತು, ಇನ್ನೊಂದು ಎಲ್ಲಿ? ಕಳ್ಳತನವೋ, ಸಪ್ಲೈಯರ್ ಕಡಿಮೆ ಕೊಟ್ಟನೋ ಅಂದುಕೊಳ್ಳಬಹುದಿತ್ತು. ಆದರೆ 25ರ ಬಾಟಲಿಗಳನ್ನೂ ಎಣಿಸಿದೆ. ಸ್ಕ್ರೀನಿನಲ್ಲಿ ಐದು, ರ‍್ಯಾಕಿನಲ್ಲಿ ಆರು. ಒಂದು ಪವರ್‌ನಲ್ಲಿ ಒಂದು ಕಡಿಮೆ, ಇನ್ನೊಂದರಲ್ಲಿ ಒಂದು ಜಾಸ್ತಿ. ಈ ಲೆಕ್ಕ ಕಂಡ ಯಾವ ಫಾರ್ಮಸಿಸ್ಟಿಗೂ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಗುತ್ತದೆ. ಕಳ್ಳತನವಾಗಿದ್ದರೆ ಒಂದು ಕಡಿಮೆಯಾಗುತ್ತದೆ, ಇನ್ನೊಂದು ಹೆಚ್ಚುವುದಿಲ್ಲ. ಒಂದು ಕಡಿಮೆಯಾಗಿ ಇನ್ನೊಂದು ಹೆಚ್ಚಿದೆ ಅಂದರೆ ಯಾರಿಗೋ 25 ಅಂತ ಬಿಲ್ ಮಾಡಿ 125 ಕೊಟ್ಟಿದ್ದೇವೆ ಅಂತ ಅರ್ಥ. ಆ ಬಟನ್ ಎರಡು ಸಲ ಒತ್ತಿದ್ದರೆ ಈ ಪುರಾವೆ ಹತ್ತು ಸೆಕೆಂಡಿನಲ್ಲಿ ಅಳಿಸಿ ಹೋಗುತ್ತಿತ್ತು.

ಹಿಂದಿನ ಸಲ ನಾವು ಈ ರ‍್ಯಾಕ್ ಎಣಿಸಿದ್ದು ತಿಂಗಳ ಮೊದಲನೇ ತಾರೀಖು. ಅಲ್ಲಿಂದ ಈಚೆಗೆ 25ಕ್ಕೆ ಐದು ಬಿಲ್ ಆಗಿದ್ದವು. ನಾಲ್ಕರಲ್ಲಿ ಫೋನ್ ನಂಬರ್ ಇತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ, "ಸಾರ್, ನಿಮ್ಮ ಥೈರಾಯ್ಡ್ ಬಾಟಲಿ ಕೈಯಲ್ಲಿ ತಗೊಂಡು ಹೆಸರಿನ ಪಕ್ಕ ಇರೋ ನಂಬರ್ ಓದಿ" ಅಂದೆ. ಒಬ್ಬರು ಮೀಟಿಂಗಿನಲ್ಲಿದ್ದೇನೆ ಅಂತ ಇಟ್ಟುಬಿಟ್ಟರು, ಮತ್ತೆ ಮಾಡಿದೆ, ಬೈದರು, ಆಮೇಲೆ ಮನೆಗೆ ಫೋನ್ ಮಾಡಿ ಓದಿಸಿದರು. ನಾಲ್ವರದ್ದೂ 25.

ಐದನೇ ಬಿಲ್ ಹನ್ನೊಂದು ದಿನದ ಹಿಂದಿನದು, ಶನಿವಾರ ಸಂಜೆಯದ್ದು. ಹೆಸರಿನ ಜಾಗದಲ್ಲಿ "ಕ್ಯಾಶ್" ಅಂತ ಇತ್ತು. ನಂಬರ್ ಇಲ್ಲ. ಪುಣ್ಯಕ್ಕೆ ಡಾಕ್ಟರ ಹೆಸರು ಹಾಕಿದ್ದೆವು, ಅವರ ಕ್ಲಿನಿಕ್ ಎರಡು ರಸ್ತೆ ಆಚೆ. ನೇರ ಅವರಿಗೇ ಫೋನ್ ಮಾಡಿ ಹೇಳಿದೆ. ಆ ಶನಿವಾರ ಥೈರಾಕ್ಸಿನ್ 25 ಹೊಸದಾಗಿ ಬರೆದಿದ್ದು ಒಬ್ಬರಿಗೇ ಅಂತ ಅವರು ರಿಜಿಸ್ಟರ್ ನೋಡಿ ಹೇಳಿದರು. ಅರವತ್ತೆಂಟು ವರ್ಷದ ಹೆಂಗಸು. ಎರಡು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. 125 ವಿಷವಲ್ಲ. ಎಪ್ಪತ್ತೆಂಟು ಕೆ.ಜಿ. ತೂಕದ, ಹಾರ್ಟ್ ಚೆನ್ನಾಗಿರುವ, ಥೈರಾಯ್ಡ್ ಪೂರ್ತಿ ಕೆಲಸ ನಿಲ್ಲಿಸಿದ ವ್ಯಕ್ತಿಗೆ ಹೆಚ್ಚುಕಡಿಮೆ ಅದೇ ಸರಿಯಾದ ಡೋಸ್. ಅಳತೆ ಸರಳ, ಒಂದು ಕೆ.ಜಿ. ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ. ಆದರೆ ವಯಸ್ಸಾದವರಿಗೆ, ಅದರಲ್ಲೂ ಹಾರ್ಟಿನ ತೊಂದರೆ ಇರುವವರಿಗೆ ಡಾಕ್ಟರುಗಳು 12.5 ಅಥವಾ 25ರಿಂದ ಶುರುಮಾಡಿ, ಆರೆಂಟು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಯಾಕೆಂದರೆ ಈ ಹಾರ್ಮೋನ್ ಹೃದಯದ ಬಡಿತವನ್ನು ಏರಿಸುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕವನ್ನೂ ಏರಿಸುತ್ತದೆ. ಕಿರಿದಾದ ರಕ್ತನಾಳ ಅಷ್ಟನ್ನು ಒದಗಿಸಲಾರದೇ ಹೋದರೆ ಎದೆನೋವು, ಬಡಿತದ ತಾಳ ತಪ್ಪುವುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಆಕೆಗೆ ಐದು ಪಟ್ಟು ಡೋಸ್ ಹನ್ನೊಂದು ದಿನ ಹೋಗಿತ್ತು.

ಇನ್ನೊಂದು ಮಾತು. ಈ ಮಾತ್ರೆ ಅರ್ಧ ಖರ್ಚಾಗಲು ದೇಹಕ್ಕೆ ಸುಮಾರು ಒಂದು ವಾರ ಬೇಕು. ಹಾಗಾಗಿ ತಪ್ಪು ಡೋಸಿನ ಪರಿಣಾಮ ಮೊದಲ ದಿನ ಗೊತ್ತೇ ಆಗುವುದಿಲ್ಲ, ದಿನದಿನಕ್ಕೂ ಮೇಲೆ ಮೇಲೆ ಸೇರುತ್ತಾ ಹೋಗುತ್ತದೆ. ಮನೆಯವರು ಅದನ್ನು ಮಾತ್ರೆಗೆ ತಾಳೆ ಹಾಕುವುದೇ ಇಲ್ಲ. ಆಕೆಗೆ ಐದಾರು ದಿನದಿಂದ ರಾತ್ರಿ ನಿದ್ದೆ ಇರಲಿಲ್ಲ, ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು, ಮೆಟ್ಟಿಲು ಹತ್ತಿದರೆ ಎದೆ ಡವಡವ. ಮನೆಯಲ್ಲಿ ಮಗಳ ಮದುವೆ ಮಾತುಕತೆ ನಡೀತಿತ್ತಂತೆ. "ಟೆನ್ಷನ್ ಮಾಡ್ಕೋಬೇಡಮ್ಮ" ಅಂತ ಎಲ್ಲರೂ ಸಮಾಧಾನ ಹೇಳುತ್ತಿದ್ದರು.

ಈಗ ಯಜಮಾನರ ವಿಷಯಕ್ಕೆ ಬರುತ್ತೇನೆ. ಡಾಕ್ಟರಿಗೆ ಫೋನ್ ಮಾಡುವ ಮೊದಲು ಅವರಿಗೆ ತಿಳಿಸಿದ್ದೆ. ಅವರ ಸಲಹೆ ಹೀಗಿತ್ತು: "ಡಾಕ್ಟ್ರಿಗೆಲ್ಲ ಹೇಳೋದು ಬೇಡ ಮೇಡಂ. ಮನೆ ಪತ್ತೆ ಮಾಡೋಣ. ಹುಡುಗನ ಕೈಲಿ 25ರ ಬಾಟಲಿ ಕಳ್ಸಿ, ಕಂಪನಿಯೋರು ಆ ಬ್ಯಾಚ್ ವಾಪಸ್ ತರಿಸ್ಕೊಳ್ತಿದ್ದಾರೆ ಅಂತ ಹೇಳಿ ಹಳೇದು ಈಸ್ಕೊಂಡು ಬರೋಣ. ದುಡ್ಡೂ ವಾಪಸ್ ಕೊಡೋಣ. ಅವ್ರಿಗೂ ಗಾಬರಿ ಇರಲ್ಲ."

ಕೇಳಲು ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಬಾಟಲಿ ಸರಿಹೋಗುತ್ತದೆ, ಗಲಾಟೆ ಇಲ್ಲ, ಯಾರಿಗೂ ನಷ್ಟವಿಲ್ಲ. ನಮ್ಮ ವೃತ್ತಿಯಲ್ಲಿ "ಸರಿ ಮಾಡಿದ್ವಿ" ಅಂದರೆ ಬಹುತೇಕ ಇದೇ. ಆದರೆ ಆಮೇಲೆ ಆಕೆಗೆ ಏನಾಗುತ್ತಿತ್ತು ಅಂತ ಯೋಚಿಸಿ. ಎದೆ ಡವಡವ ಮುಂದಿನ ವಾರವೂ ಇರುತ್ತಿತ್ತು, ಯಾಕೆಂದರೆ ಒಳಗೆ ಸೇರಿದ್ದು ಒಂದೇ ದಿನದಲ್ಲಿ ಕರಗುವುದಿಲ್ಲ. ಜೊತೆಗೆ ಹೊಸ ಬಾಟಲಿಯಿಂದ ದಿನಾ 25 ನುಂಗುತ್ತಲೂ ಇರುತ್ತಿದ್ದರು. ಕೊನೆಗೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಡಾಕ್ಟರು ಬಾಟಲಿ ನೋಡುತ್ತಿದ್ದರು, 25. ಚೀಟಿ ನೋಡುತ್ತಿದ್ದರು, 25. ಅವರ ಫೈಲಿನಲ್ಲಿ ಏನು ಬರೆಯುತ್ತಿದ್ದರು? "25 ಕೂಡಾ ತಡೆದುಕೊಳ್ಳುತ್ತಿಲ್ಲ." ಹಾರ್ಟಿನ ರೋಗಿ ಬೇರೆ. ಮಾತ್ರೆ ನಿಲ್ಲಿಸುತ್ತಿದ್ದರು, ಇಲ್ಲವೇ 12.5ಕ್ಕೆ ಇಳಿಸಿ ಮುಂದೆ ಏರಿಸಲು ಹೆದರುತ್ತಿದ್ದರು. ಹೃದಯದ ಪರೀಕ್ಷೆಗಳಿಗೆ ಹೊಸ ಚೀಟಿ ಬರುತ್ತಿತ್ತು. ಬೇಕಾದ ಮಾತ್ರೆ ಸಿಗದೆ ಆಕೆ ಸುಸ್ತು, ಚಳಿ, ಊತದಲ್ಲಿ ಇನ್ನಷ್ಟು ಕಾಲ ನರಳುತ್ತಿದ್ದರು. ನಮ್ಮ ಅಂಗಡಿಯ ಸುಳ್ಳು ಆಕೆಯ ಮೆಡಿಕಲ್ ಫೈಲಿನೊಳಗೆ ನಿಜವಾಗಿ ಕೂತುಬಿಡುತ್ತಿತ್ತು. ಅಲ್ಲಿಂದ ಅದನ್ನು ತೆಗೆಯುವವರು ಯಾರು?

ಕದ್ದುಮುಚ್ಚಿ ಮಾಡಿದ ತಿದ್ದುಪಡಿ ಮೊದಲನೇ ತಪ್ಪಿನ ಮೇಲೆ ಮಾಡಿದ ಎರಡನೇ ತಪ್ಪು ಅಂತ ನಾನು ಹೇಳುವುದು ಇದಕ್ಕೇ. ಮೊದಲನೆಯದು ಕೈತಪ್ಪು. ಎರಡನೆಯದನ್ನು ನಾವು ಗೊತ್ತಿದ್ದೇ ಮಾಡುತ್ತೇವೆ.

ಡಾಕ್ಟರು ಅವತ್ತೇ ಸಂಜೆ ಆಕೆಯನ್ನು ಕ್ಲಿನಿಕ್ಕಿಗೆ ಕರೆಸಿಕೊಂಡರು. ನಾನೂ ಹೋದೆ. ನಾಡಿ ನಿಮಿಷಕ್ಕೆ 108. ಇಸಿಜಿಯಲ್ಲಿ ಬಡಿತ ಜೋರಿದ್ದರೂ ತಾಳ ತಪ್ಪಿರಲಿಲ್ಲ. ಮಾತ್ರೆ ಒಂದು ವಾರ ಪೂರ್ತಿ ನಿಲ್ಲಿಸಿ, ಆಮೇಲೆ 25ರಿಂದ ಮತ್ತೆ ಶುರು ಮಾಡಿ, ಆರು ವಾರ ಕಳೆದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ ಅಂದರು. ಹಾರ್ಟಿಗೆ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಬಿಡಬೇಡಿ ಅಂತ ಮೂರು ಸಲ ಹೇಳಿದರು. ಎದೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿದರು. ಎದೆನೋವು ಬರಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಆಕೆಯ ಹೃದಯ ತಡೆದುಕೊಂಡಿತು, ಅಷ್ಟೇ.

ಆಕೆಯ ಮಗ ನಿಮ್ಮ ಹಾಗೆಯೇ, ಹೊರವರ್ತುಲ ರಸ್ತೆಯ ಯಾವುದೋ ಟೆಕ್ ಪಾರ್ಕಿನಲ್ಲಿ ಕೆಲಸ. ಮೊದಲು ಕೂಗಾಡಿದರು. ಕೂಗಾಡಬೇಕಾದ್ದೇ. ಆಮೇಲೆ ಕೇಳಿದರು, "ಯಾರು ಕೊಟ್ಟಿದ್ದು? ಅವನನ್ನ ಕೆಲಸದಿಂದ ತೆಗೀತೀರೋ ಇಲ್ವೋ?" ನಾನು ಹೇಳಿದೆ, "ಕೊಟ್ಟಿದ್ದು ನಾನು ಸಾರ್. ಬಿಲ್ ಮೇಲೆ ಸಹಿ ನನ್ನದು."

ಇದು ದೊಡ್ಡತನಕ್ಕೆ ಹೇಳಿದ ಮಾತಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟಿನದು. ಅಂಗಡಿಯ ಗೋಡೆಗೆ ಫ್ರೇಮ್ ಹಾಕಿ ನೇತುಹಾಕಿರುವುದು ನನ್ನ ಸರ್ಟಿಫಿಕೇಟನ್ನು. ಹುಡುಗನದ್ದಲ್ಲ, ಯಜಮಾನರದ್ದೂ ಅಲ್ಲ.

ಆ ರಾತ್ರಿ ಕೂತು ಒಂದು ಪುಟ ವರದಿ ಬರೆದೆ. ಅದರ ಮುಖ್ಯ ಭಾಗ ಹೀಗಿದೆ:

"ಶನಿವಾರ ಸಂಜೆ ಸುಮಾರು ಏಳೂವರೆಗೆ ಥೈರಾಕ್ಸಿನ್ 25ರ ಚೀಟಿ ಬಂತು. ಸಹಾಯಕ ಬಿಲ್ಲಿನಲ್ಲಿ 25 ಎಂದು ಸರಿಯಾಗಿಯೇ ನಮೂದಿಸಿ, 25ರ ಸಾಲಿನಿಂದ ಮುಂದಿನ ಬಾಟಲಿ ತೆಗೆದ. ಆ ಬಾಟಲಿ 125 ಆಗಿತ್ತು. ಅದೇ ದಿನ ಬೆಳಿಗ್ಗೆ ಬಂದ ಹೊಸ ಸ್ಟಾಕ್ ಜೋಡಿಸುವಾಗ 125ರ ಎರಡು ಬಾಟಲಿಗಳು 25ರ ಸಾಲಿಗೆ ಸೇರಿದ್ದವು. ಎರಡೂ ಸಾಲು ಪಕ್ಕಪಕ್ಕದಲ್ಲಿವೆ. ಬಾಟಲಿಗಳ ಗಾತ್ರ, ಮುಚ್ಚಳ, ಒಳಗಿನ ಮಾತ್ರೆಯ ಬಣ್ಣ ಒಂದೇ. ಫಾರ್ಮಸಿಸ್ಟ್ ಆದ ನಾನು ಚೀಟಿಯನ್ನು ಬಿಲ್ಲಿನ ಜೊತೆ ಹೋಲಿಸಿ ಸಹಿ ಮಾಡಿದೆ. ಬಾಟಲಿಯನ್ನು ಓದಲಿಲ್ಲ. ಹೋಲಿಸಿದ ಎರಡೂ ಕಾಗದ ಸರಿಯಿದ್ದುದರಿಂದ ತಪ್ಪು ಕಾಣಲಿಲ್ಲ. ಹನ್ನೊಂದು ದಿನದ ನಂತರ ಸ್ಟಾಕ್ ತಾಳೆಯಾಗದ ಕಾರಣ ಆಕಸ್ಮಿಕವಾಗಿ ಗೊತ್ತಾಯಿತು. ಗೊತ್ತಾಗುವ ಬೇರೆ ಯಾವ ವ್ಯವಸ್ಥೆಯೂ ಅಂಗಡಿಯಲ್ಲಿ ಇರಲಿಲ್ಲ."

ಯಜಮಾನರು ಓದಿದರು. ಮೊದಲ ವಾಕ್ಯದಿಂದ "ಅಂಗಡಿಯಲ್ಲಿ ಇರಲಿಲ್ಲ"ದವರೆಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದರು: "ಸಿಬ್ಬಂದಿಯ ಅಜಾಗರೂಕತೆ. ಎಚ್ಚರಿಕೆ ನೀಡಲಾಗಿದೆ."

ನನ್ನ ಜಗಳ ಇರುವುದು ಈ ಎರಡು ವಾಕ್ಯಗಳ ಜೊತೆ. ಇವು ಸುಳ್ಳಲ್ಲ. ಹುಡುಗ ಅಜಾಗರೂಕನಾಗಿದ್ದ, ನಾನು ಅವನಿಗಿಂತ ಹೆಚ್ಚು ಅಜಾಗರೂಕತೆ ತೋರಿಸಿದೆ. ಆದರೆ ಇವು ಯಾವ ಕೆಲಸಕ್ಕೂ ಬರುವುದಿಲ್ಲ. ಎಚ್ಚರಿಕೆ ಕೊಟ್ಟ ಮಾರನೇ ದಿನ ಹುಡುಗ ಬಾಟಲಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡೆರಡು ಸಲ ಓದುತ್ತಾನೆ. ಹತ್ತನೇ ದಿನ ಒಂದು ಸಲ ಓದುತ್ತಾನೆ. ತಿಂಗಳು ಕಳೆದ ಮೇಲೆ ಶನಿವಾರ ಸಂಜೆ ಹನ್ನೆರಡು ಜನ ಕೌಂಟರಿಗೆ ಒರಗಿಕೊಂಡು "ಬೇಗ ಕೊಡಿ" ಅನ್ನುತ್ತಿರುವಾಗ, ಅವನ ಕೈ ಮತ್ತೆ ಜಾಗ ನೋಡಿ ಬಾಟಲಿ ತೆಗೆಯುತ್ತದೆ. ನಿಮ್ಮ ಕೈಯೂ ಹಾಗೇ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಜಾಗದಲ್ಲಿ ಯಾರಾದರೂ ಉಪ್ಪಿನ ಡಬ್ಬಿ ಇಟ್ಟರೆ ನಿಮ್ಮ ಕಾಫಿಗೆ ಏನು ಬೀಳುತ್ತದೆ? "ನೋಡಿ ಹಾಕ್ಬಾರ್ದಾ" ಅಂತ ಬೈಯಬಹುದು. ಡಬ್ಬಿಯ ಮೇಲೆ ಹೆಸರು ಬರೆಯದಿದ್ದರೆ ಆ ಬೈಗುಳದಿಂದ ಕಾಫಿ ಸರಿಹೋಗುವುದಿಲ್ಲ.

ನಮ್ಮ ರ‍್ಯಾಕ್ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದು. ಬಹುತೇಕ ಎಲ್ಲ ಅಂಗಡಿಗಳಲ್ಲೂ ಹಾಗೇ. ಹುಡುಕಲು ಸುಲಭ ಅನ್ನುವುದು ನಿಜ. ಆದರೆ ಅದರಿಂದ ಒಂದೇ ಔಷಧಿಯ ಎಲ್ಲ ಪವರ್‌ಗಳೂ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಅಂದರೆ ಯಾವ ಎರಡು ಬಾಟಲಿಗಳು ಅದಲುಬದಲಾದರೆ ಅತಿ ಹೆಚ್ಚು ಅಪಾಯವೋ, ಅವೇ ಅತಿ ಹತ್ತಿರದಲ್ಲಿರುತ್ತವೆ. 25ಕ್ಕೂ 125ಕ್ಕೂ ವ್ಯತ್ಯಾಸ ಒಂದು ಅಂಕಿ. ಬಾಟಲಿ ಸ್ವಲ್ಪ ತಿರುಗಿ ನಿಂತರೆ ಆ ಒಂದು ಅಂಚಿನಲ್ಲಿ ಮರೆಯಾಗುತ್ತದೆ, 25 ಮಾತ್ರ ಕಾಣುತ್ತದೆ. ನಾನು ಆಮೇಲೆ ಎಷ್ಟೋ ಸಲ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದ್ದೇನೆ.

ಅಮೆರಿಕದಲ್ಲಿ ಇದೇ ಮಾತ್ರೆಗೆ ಪವರ್ ಪ್ರಕಾರ ಬಣ್ಣ ಇದೆ. 25 ಅಂದರೆ ಕಿತ್ತಳೆ, 125 ಅಂದರೆ ಕಂದು. ಓದಲು ಬಾರದವರಿಗೂ ಕಂದು ಮಾತ್ರೆ ಕೈಗೆ ಬಂದರೆ "ಇದು ನಂದಲ್ಲ" ಅನ್ನಿಸುತ್ತದೆ. ನಮ್ಮ ರ‍್ಯಾಕಿನ ಆ ಎರಡು ಬಾಟಲಿಗಳಲ್ಲೂ ಇದ್ದದ್ದು ಬಿಳಿ ಮಾತ್ರೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಲ್ಲಿ ಈ ವಿಷಯ ಎತ್ತಿದರೂ ಮೊದಲು ಬರುವ ಜೋಕು ಡಾಕ್ಟರ ಕೈಬರಹದ್ದು. ಸ್ವಾಮಿ, ಈ ಚೀಟಿ ಕಂಪ್ಯೂಟರಿನಲ್ಲಿ ಪ್ರಿಂಟ್ ಆಗಿ ಬಂದಿತ್ತು. ಚೀಟಿಯನ್ನು ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಡಾಕ್ಟರುಗಳಿಗೆ 2016ರಲ್ಲೇ ನಿಯಮ ಬಂದಿದೆ. ಚೀಟಿ ಮುತ್ತಿನಂತಿದ್ದರೂ ತಪ್ಪು ಆಗಿದ್ದು ಚೀಟಿಯಿಂದ ಆಚೆ, ನನ್ನ ರ‍್ಯಾಕಿನಲ್ಲಿ.

ಯಜಮಾನರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅಂತಲ್ಲ. ಅವರಿಗೆ ಇರುವುದು ಹೆದರಿಕೆ. ಬರೆದಿಟ್ಟ ಕಾಗದ ನಾಳೆ ಡ್ರಗ್ ಇನ್‌ಸ್ಪೆಕ್ಟರ್ ಕೈಗೆ ಸಿಕ್ಕರೆ? ಗ್ರಾಹಕರ ಕೋರ್ಟಿನಲ್ಲಿ ನಮ್ಮ ಕಾಗದವೇ ನಮ್ಮ ವಿರುದ್ಧ ಸಾಕ್ಷಿಯಾದರೆ? ಒಂದು ಸ್ಟಾರ್ ಕೊಟ್ಟು ಯಾರೋ ರಿವ್ಯೂ ಬರೆದರೆ? ಈ ಹೆದರಿಕೆ ಪೊಳ್ಳಲ್ಲ. ನನಗೂ ಇದೆ, ನನ್ನ ರಿಜಿಸ್ಟ್ರೇಷನ್ ಹೋದರೆ ನನಗೆ ಬೇರೆ ಕಸುಬು ಬರುವುದಿಲ್ಲ.

ಆದರೆ ಹೆದರಿಕೆಗೆ ಔಷಧಿ ಮುಚ್ಚಿಡುವುದೊಂದೇ ಅಲ್ಲ. ಇಂಗ್ಲೆಂಡಿನ ಒಂದು ಕಥೆ ಇದೆ. ಅಲ್ಲಿ 2007ರಲ್ಲಿ ಒಬ್ಬ ಫಾರ್ಮಸಿಸ್ಟ್ ಪ್ರೆಡ್ನಿಸೊಲೋನ್ ಕೊಡುವ ಜಾಗದಲ್ಲಿ ಪ್ರೊಪ್ರನೊಲಾಲ್ ಕೊಟ್ಟರು. ಅವರ ಮೇಲೆ ಕ್ರಿಮಿನಲ್ ಕೇಸ್ ಹಾಕಿದರು, 2009ರಲ್ಲಿ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ ಆಯಿತು, ಮುಂದಿನ ವರ್ಷ ಮೇಲ್ಮನವಿಯಲ್ಲಿ ಅದು ದಂಡಕ್ಕೆ ಇಳಿಯಿತು. ತಪ್ಪು ಒಪ್ಪಿಕೊಂಡರೆ ಜೈಲು ಅಂತಾದರೆ ಒಪ್ಪಿಕೊಳ್ಳುವವರು ಯಾರು ಅಂತ ಅಲ್ಲಿಯ ಫಾರ್ಮಸಿಸ್ಟುಗಳು ವರ್ಷಗಟ್ಟಲೆ ಕೇಳಿದರು. ಕೊನೆಗೆ 2018ರಲ್ಲಿ ಕಾನೂನು ಬದಲಾಯಿತು. ವೃತ್ತಿಯ ಕೆಲಸ ಮಾಡುವಾಗ ಅರಿಯದೆ ಆದ ತಪ್ಪಿಗೆ ಕ್ರಿಮಿನಲ್ ಕೇಸಿನಿಂದ ರಕ್ಷಣೆ ಸಿಕ್ಕಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ತಪ್ಪು ಗೊತ್ತಾದ ಕೂಡಲೇ ರೋಗಿಗೆ ತಿಳಿಸಲು ಮಾಡಬೇಕಾದ್ದೆಲ್ಲ ಮಾಡಿರಬೇಕು. ಅಂದರೆ ಕಾನೂನಿನ ಆಸರೆ ಸಿಗುವುದು ಹೇಳಿದವನಿಗೆ, ಬಚ್ಚಿಟ್ಟವನಿಗಲ್ಲ. ನಮ್ಮಲ್ಲೂ ಇಂಥದ್ದೊಂದು ಬರಲಿ ಅಂತ ಫಾರ್ಮಸಿಸ್ಟುಗಳ ಸಂಘಗಳು ಕೇಳಬೇಕು. ಕೇಳುವ ಮೊದಲು ಬರೆಯುವ ಅಭ್ಯಾಸವಾದರೂ ಇರಬೇಕಲ್ಲ?

ಯಜಮಾನರ ಜೊತೆ ರಾಜಿ ಹೀಗಾಯಿತು. ವರದಿಯ ಮೇಲೆ ಅವರು ಎಳೆದ ಗೆರೆ ಹಾಗೇ ಇದೆ, ಕೆಳಗಿನ ನನ್ನ ಮಾತುಗಳೂ ಹಾಗೇ ಇವೆ. ಅದರ ಒಂದು ಪ್ರತಿ ಆಕೆಯ ಮಗನಿಗೆ, ಒಂದು ಡಾಕ್ಟರಿಗೆ ಕೊಟ್ಟೆ. ಹುಡುಗನ ಕೆಲಸ ಉಳಿಯಿತು. 125ರ ಬಾಟಲಿಗಳನ್ನು ಮೂರು ಸಾಲು ಕೆಳಗೆ ಇಳಿಸಿ, ಅವು ಮೊದಲಿದ್ದ ಜಾಗದಲ್ಲಿ "125 ಕೆಳಗಿದೆ" ಅಂತ ಒಂದು ರಟ್ಟು ಸಿಕ್ಕಿಸಿದೆವು. ಬಾರ್‌ಕೋಡ್ ಸ್ಕ್ಯಾನರ್ ನಮ್ಮ ಹತ್ತಿರ ಮೊದಲೇ ಇತ್ತು, ಧೂಳು ತಿನ್ನುತ್ತಾ. ಬಿಲ್ ಮಾಡುವಾಗ ಹೆಸರು ಟೈಪ್ ಮಾಡುವ ಬದಲು ಕೈಯಲ್ಲಿರುವ ಬಾಟಲಿಯನ್ನೇ ಸ್ಕ್ಯಾನ್ ಮಾಡಿದರೆ, 125 ತೆಗೆದಿದ್ದರೆ ಬಿಲ್ಲಿನಲ್ಲೂ 125 ಅಂತಲೇ ಬರುತ್ತದೆ, ಚೀಟಿಯ ಜೊತೆ ಹೋಲಿಸುವಾಗ ನನಗೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಾನು ನನ್ನ ಕ್ರಮ ಬದಲಾಯಿಸಿದೆ. ಮೊದಲು ಚೀಟಿ ಮತ್ತು ಬಾಟಲಿ, ಆಮೇಲೆ ಬೇಕಾದರೆ ಬಿಲ್. ಬಿಲ್ಲನ್ನು ಯಾರೂ ನುಂಗುವುದಿಲ್ಲವಲ್ಲ.

ಕೊಡುವಾಗ ಬಾಟಲಿಯನ್ನು ಗಿರಾಕಿಯ ಕಡೆ ತಿರುಗಿಸಿ ಗಟ್ಟಿಯಾಗಿ ಓದುತ್ತೇನೆ, "ಥೈರಾಕ್ಸಿನ್, ಇಪ್ಪತ್ತೈದು, ದಿನಕ್ಕೆ ಒಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ." ಇದಕ್ಕೆ ಏಳೆಂಟು ಸೆಕೆಂಡು ಹಿಡಿಯುತ್ತದೆ. ಈ ಏಳೆಂಟು ಸೆಕೆಂಡಿಗೆ ಅತಿ ಹೆಚ್ಚು ಮುಖ ಸಿಂಡರಿಸುವವರು ಯಾರು ಗೊತ್ತಾ? ಬೇಜಾರು ಮಾಡಿಕೊಳ್ಳಬೇಡಿ, ನೀವೇ. ಕತ್ತಿನಲ್ಲಿ ಐಡಿ ಕಾರ್ಡ್, ಕಿವಿಯಲ್ಲಿ ಇಯರ್‌ಫೋನ್, "ಮೇಡಂ, ಐ ನೋ, ಕೊಡಿ." ವಯಸ್ಸಾದವರು ನಿಂತು ಕೇಳುತ್ತಾರೆ, ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿಸುತ್ತಾರೆ.

ಈ ಕ್ರಮಗಳಿಗೂ ಮಿತಿ ಇದೆ, ಸುಳ್ಳು ಹೇಳುವುದಿಲ್ಲ. ಹತ್ತು ಮಾತ್ರೆಯ ಸ್ಟ್ರಿಪ್ಪಿನಿಂದ ಮೂರು ಕತ್ತರಿಸಿ ಕೊಡಿ ಅಂದಾಗ ಉಳಿದ ತುಂಡಿನಲ್ಲಿ ಬಾರ್‌ಕೋಡ್ ಇರುವುದಿಲ್ಲ, ಎಷ್ಟೋ ಸಲ ಪವರ್ ಬರೆದ ಭಾಗವೂ ಕತ್ತರಿಸಿ ಹೋಗಿರುತ್ತದೆ. ಮನೆಗೆ ತರಿಸಿಕೊಂಡರೆ ಗಟ್ಟಿಯಾಗಿ ಓದುವುದೇ ಇಲ್ಲ, ಡೆಲಿವರಿ ಹುಡುಗನಿಗೆ ಗೊತ್ತಿರುವುದು ಫ್ಲ್ಯಾಟ್ ನಂಬರ್ ಮಾತ್ರ. ಹತ್ತು ನಿಮಿಷದಲ್ಲಿ ಔಷಧಿ ಬರಬೇಕು ಅಂತ ನೀವು ಕೇಳಿದಾಗ, ಆ ಹತ್ತು ನಿಮಿಷದಲ್ಲಿ ಬಾಟಲಿ ಓದುವ ಕೆಲಸ ಯಾರ ಪಾಲಿಗೆ ಬಂತು? ನಿಮ್ಮ ಪಾಲಿಗೆ. ಹಳೇ ಬಾಟಲಿ ಎಸೆಯುವ ಮೊದಲು ಹೊಸದರ ಪಕ್ಕದಲ್ಲಿಟ್ಟು ಹೆಸರು, ಅಂಕಿ ಎರಡನ್ನೂ ಓದಿ. ಬದಲಾಗಿದ್ದರೆ, "ಕಂಪನಿ ಚೇಂಜ್ ಆಗಿದೆ, ಅದೇ ಇದು" ಅನ್ನುವ ಉತ್ತರಕ್ಕೆ ತಲೆಯಾಡಿಸಬೇಡಿ. ಕಂಪನಿ ಬದಲಾದರೂ ಅಂಕಿ ಬದಲಾಗುವಂತಿಲ್ಲ.

ಆದರೆ ಈ ಉಪದೇಶ ಆಕೆಗೆ ಉಪಯೋಗಕ್ಕೆ ಬರುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಆಕೆಗೆ ಅದು ಮೊದಲ ಬಾಟಲಿ, ಹೋಲಿಸಲು ಹಳೆಯದು ಇರಲಿಲ್ಲ. ಇದ್ದದ್ದು ಬಿಲ್. 25 ಅಂತ ಬರೆದ ಬಿಲ್ಲೂ 125 ಅಂತ ಬರೆದ ಬಾಟಲಿಯೂ ಒಂದೇ ಕವರಿನಲ್ಲಿ, ಟಿವಿ ಸ್ಟ್ಯಾಂಡಿನ ಮೇಲೆ ಹನ್ನೊಂದು ದಿನ ಜೊತೆಗಿದ್ದವು. ಅದನ್ನು ಓದದ್ದು ಮನೆಯವರ ತಪ್ಪು ಅಂತ ಯಜಮಾನರು ಒಮ್ಮೆ ಅಂದರು. ಅವತ್ತು ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಓದುವುದಕ್ಕೆ ಸಂಬಳ ತೆಗೆದುಕೊಂಡ ನಾನೇ ಓದಲಿಲ್ಲ, ಅವರು ಯಾಕೆ ಓದಬೇಕು?

ಆರು ವಾರದ ಮೇಲೆ ಆಕೆಯ ಟಿಎಸ್‌ಎಚ್ ರಿಪೋರ್ಟ್ ಬಂತು. ಇನ್ನೂ ಸ್ವಲ್ಪ ಮೇಲೇ ಇತ್ತು, ಡಾಕ್ಟರು 37.5ಕ್ಕೆ ಏರಿಸಿದರು. ಹೆದರದೆ ಏರಿಸಿದರು, ಯಾಕೆಂದರೆ ಆ ಹನ್ನೊಂದು ದಿನ ಏನಾಗಿತ್ತು ಅನ್ನುವುದು ಅವರ ಫೈಲಿನಲ್ಲಿ ಸರಿಯಾಗಿ ಬರೆದಿತ್ತು. ಮಾತ್ರೆ ತೆಗೆದುಕೊಳ್ಳಲು ಈ ಸಲ ಆಕೆಯೇ ಬಂದಿದ್ದರು, ಮಗ ಸ್ಕೂಟರ್ ಹತ್ತಿರ ನಿಂತಿದ್ದರು. ನಮ್ಮ ಅಂಗಡಿಗೇ ಯಾಕೆ ಬಂದಿರಿ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಬಾಟಲಿ ತಿರುಗಿಸಿ ಓದಲು ಶುರು ಮಾಡಿದೆ. "ಕೊಡಮ್ಮ ಇಲ್ಲಿ" ಅಂತ ಕೈಯಿಂದ ಈಸಿಕೊಂಡು, ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೆರಳಿಟ್ಟು ಅವರೇ ಓದಿದರು. ಹಿಂದೆ ಕ್ಯೂನಲ್ಲಿ ನಾಲ್ಕು ಜನ ಇದ್ದರು.

ವರದಿಯ ಪುಸ್ತಕದಲ್ಲಿ ಈಗ ಐದು ಪುಟ ಆಗಿದೆ. ಎರಡನೆಯದು, ಮೂರನೆಯದು, ನಾಲ್ಕನೆಯದು ಬಾಗಿಲು ದಾಟುವ ಮೊದಲೇ ಸಿಕ್ಕಿಬಿದ್ದ ತಪ್ಪುಗಳು. ಒಂದನ್ನು ಹಿಡಿದವನು ಆ ಹುಡುಗ, ನಾನು ಮೆಟ್‌ಫಾರ್ಮಿನ್ 500ಕ್ಕೆ 1000 ತೆಗೆದಿದ್ದೆ. ಐದನೆಯದನ್ನು ಹೋದ ಮಂಗಳವಾರ ಯಜಮಾನರೇ ತಮ್ಮ ಕೈಯಾರೆ ಬರೆದರು. ಕಾರಣದ ಜಾಗದಲ್ಲಿ "ಅಜಾಗರೂಕತೆ" ಅಂತ ಬರೆದು, ಹೊಡೆದು ಹಾಕಿ, ಕೆಳಗೆ "ಎರಡು ಡಬ್ಬಿ ಒಂದೇ ಬಣ್ಣ" ಅಂತ ಬರೆದಿದ್ದಾರೆ.